32 ಬ್ಯಾಡ್ಜ್‌ಗಳ ಕೆಳಗಿದ್ದ ಪುಸ್ತಕಪಟ್ಟಿ

ಯುಗಾದಿಗೆ ಊರಿಗೆ ಹೋಗಿದ್ದಾಗ ನಮ್ಮಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಜಗಲಿಗೆ ಬಂದಳು. ದಾವಣಗೆರೆಯಲ್ಲಿ ಅವಳದು ಎಂಜಿನಿಯರಿಂಗ್ ಕೊನೆಯ ವರ್ಷ. "ಮಾಮ, ನನ್ನ ಗಿಟ್‌ಹಬ್ ಪ್ರೊಫೈಲ್ ಒಂಚೂರು ನೋಡ್ತೀಯಾ? ಆರು ಕಡೆ ಅರ್ಜಿ ಹಾಕಿದೀನಿ, ಒಂದ್ ಕಡೆಯಿಂದಾನೂ ಫೋನ್ ಬಂದಿಲ್ಲ" ಅಂದಳು. ನಾನು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ತಂಡದಲ್ಲಿ ಕೆಲಸ ಮಾಡುತ್ತೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಬಂದ ಅರ್ಜಿಗಳನ್ನು ಮೊದಲು ಓದುವುದು ನನ್ನ ಪಾಲಿಗೆ ಬಂದಿರುವ ಕೆಲಸ. ಅರ್ಜಿಯಲ್ಲಿ ಗಿಟ್‌ಹಬ್ ವಿಳಾಸ ಇದ್ದರೆ ಅದನ್ನು ತೆರೆಯದೆ ಮುಂದೆ ಹೋಗುವುದಿಲ್ಲ. ಹಾಗಾಗಿ ಅವಳ ಪುಟವನ್ನೂ ಅದೇ ಕಣ್ಣಿನಿಂದ ನೋಡಿದೆ.

ಮೇಲ್ಗಡೆ ಕೈಬೀಸುವ ಚಿತ್ರದೊಂದಿಗೆ ಒಂದು ನಮಸ್ಕಾರ. ಅದರ ಕೆಳಗೆ ಟೈಪ್ ಆಗುತ್ತಿರುವಂತೆ ಓಡುವ ಅಕ್ಷರಗಳಲ್ಲಿ 'ಫುಲ್ ಸ್ಟ್ಯಾಕ್ ಡೆವಲಪರ್', ಆಮೇಲೆ 'ಎಂಎಲ್ ಉತ್ಸಾಹಿ', ಆಮೇಲೆ 'ಓಪನ್ ಸೋರ್ಸ್ ಪ್ರೇಮಿ'. ಅದರ ಕೆಳಗೆ ಬಣ್ಣಬಣ್ಣದ ಬ್ಯಾಡ್ಜ್‌ಗಳು, ಒಂದೊಂದರ ಮೇಲೂ ಒಂದೊಂದು ತಂತ್ರಜ್ಞಾನದ ಹೆಸರು. ಎಣಿಸಿದೆ, 32 ಇದ್ದವು. ಸಿ, ಜಾವಾ, ಪೈಥಾನ್, ರಿಯಾಕ್ಟ್, ಡಾಕರ್, ಕುಬರ್ನೆಟಿಸ್, ಕೊನೆಗೆ ಪವರ್‌ಪಾಯಿಂಟ್ ಕೂಡ. ಅದಾದ ಮೇಲೆ ಅಂಕಿಅಂಶ ತೋರಿಸುವ ಎರಡು ಕಾರ್ಡುಗಳು. ಒಂದು ಬರಲೇ ಇಲ್ಲ, ಅದರ ಜಾಗದಲ್ಲಿ ಮುರಿದ ಚಿತ್ರದ ಗುರುತು ಮಾತ್ರ ಇತ್ತು. ಇಷ್ಟೆಲ್ಲ ದಾಟಿ ಮೂರು ಪರದೆಯಷ್ಟು ಕೆಳಗೆ ಸರಿಸಿದ ಮೇಲೆ ಅವಳು ನಿಜವಾಗಿ ಮಾಡಿದ ಕೆಲಸ ಸಿಕ್ಕಿತು. ಅದರ ಹೆಸರು `mini-project-final-2`.

"ಇದೇನಿದು?" ಅಂದೆ. "ಅದಾ, ಅಪ್ಪನ ಲೈಬ್ರರಿಗೆ ಮಾಡಿದ್ದು. ಸಣ್ಣದು ಬಿಡು ಮಾಮ" ಅಂದಳು. ನಮ್ಮ ಭಾವ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಾರೆ. ಆ ಸಣ್ಣದರಲ್ಲಿ ಏನಿತ್ತೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಪುಟ ಹೇಗೆ ಕೂಡುತ್ತದೆ ಎಂಬುದನ್ನು ನೋಡೋಣ, ಏಕೆಂದರೆ ಅವಳ ತೊಂದರೆಯಲ್ಲಿ ಅರ್ಧ ಇರುವುದು ಅಲ್ಲೇ.

ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡಿನ ಪ್ರತಿಯೊಂದು ತಿದ್ದುಪಡಿಯ ಇತಿಹಾಸವನ್ನೂ ಜೋಪಾನವಾಗಿ ಇಡಲು ಗಿಟ್ ಎಂಬ ಸಾಧನ ಬಳಸುತ್ತಾರೆ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅದನ್ನು 2005ರಲ್ಲಿ ಬರೆದರು. ಗಿಟ್‌ನಲ್ಲಿಟ್ಟ ಕೋಡನ್ನು ಅಂತರ್ಜಾಲದಲ್ಲಿ ಹಂಚಿಕೊಳ್ಳುವ ತಾಣವಾಗಿ 2008ರಲ್ಲಿ ಗಿಟ್‌ಹಬ್ ಬಂತು. ಅಲ್ಲಿ ಒಂದೊಂದು ಯೋಜನೆಗೂ ಒಂದೊಂದು ರೆಪೊಸಿಟರಿ, ಬಳಕೆಯ ಮಾತಿನಲ್ಲಿ ರೆಪೊ. ಪ್ರತಿ ಬಳಕೆದಾರರಿಗೂ ಒಂದು ಪ್ರೊಫೈಲ್ ಪುಟ ಇರುತ್ತದೆ. ಎಷ್ಟೋ ವರ್ಷ ಆ ಪುಟದಲ್ಲಿ ಫೋಟೊ, ಹೆಸರು, 160 ಅಕ್ಷರ ಮೀರದ ಒಂದು ಕಿರುಪರಿಚಯ, ರೆಪೊಗಳ ಪಟ್ಟಿ, ವರ್ಷವಿಡೀ ಕೆಲಸ ಮಾಡಿದ ದಿನಗಳನ್ನು ತೋರಿಸುವ ಹಸಿರು ಚೌಕಗಳು ಇಷ್ಟೇ ಇದ್ದವು. 2020ರಲ್ಲಿ ಗಿಟ್‌ಹಬ್ ಒಂದು ಹೊಸ ಅನುಕೂಲ ಕೊಟ್ಟಿತು. ನಿಮ್ಮ ಬಳಕೆದಾರ ಹೆಸರು ಏನಿದೆಯೋ ಅದೇ ಹೆಸರಿನಲ್ಲಿ ಒಂದು ಸಾರ್ವಜನಿಕ ರೆಪೊ ಮಾಡಿ, ಅದರೊಳಗೆ `README.md` ಎಂಬ ಕಡತ ಇಟ್ಟರೆ, ಅದರಲ್ಲಿ ಬರೆದದ್ದು ನೇರವಾಗಿ ಪ್ರೊಫೈಲ್‌ನ ತಲೆಯ ಮೇಲೆ ಕಾಣಿಸುತ್ತದೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಕಾಣುವುದಿಲ್ಲ. ರೆಪೊವನ್ನು ಖಾಸಗಿ ಮಾಡಿದರೂ ಕಾಣುವುದಿಲ್ಲ. ಮುಂದೆಂದಾದರೂ ಬಳಕೆದಾರ ಹೆಸರು ಬದಲಿಸಿ ಈ ರೆಪೊದ ಹೆಸರು ಬದಲಿಸಲು ಮರೆತರೆ ಬರೆದದ್ದೆಲ್ಲ ಪುಟದಿಂದ ಮಾಯವಾಗುತ್ತದೆ.

ಈ ಕಡತ ಕೂರುವ ಜಾಗವನ್ನು ಗಮನಿಸಿ. ಕಂಪ್ಯೂಟರ್ ಪರದೆಯಲ್ಲಿ ಎಡಕ್ಕೆ ಫೋಟೊ ಮತ್ತು ಕಿರುಪರಿಚಯ ಇರುತ್ತವೆ. ಬಲಕ್ಕೆ ಎಲ್ಲಕ್ಕಿಂತ ಮೇಲೆ ಈ ರೀಡ್‌ಮಿ, ಅದರ ಕೆಳಗೆ ನೀವೇ ಆರಿಸಿ ಪಿನ್ ಮಾಡಿದ ರೆಪೊಗಳು, ಅದರ ಕೆಳಗೆ ಹಸಿರು ಚೌಕಗಳು. ರೀಡ್‌ಮಿ ಒಂದೊಂದು ಸಾಲು ಬೆಳೆದಂತೆಲ್ಲ ಪಿನ್ ಮಾಡಿದ ಕೆಲಸ ಒಂದೊಂದು ಸಾಲು ಕೆಳಕ್ಕಿಳಿಯುತ್ತದೆ. ತಂತ್ರಜ್ಞಾನಗಳ ಉದ್ದ ಪಟ್ಟಿಯ ಮೊದಲ ನಷ್ಟ ಇದು. ಕೆಲಸಕ್ಕೆ ದಾರಿ ತೋರಬೇಕಾದ ಬೋರ್ಡೇ ಕೆಲಸವನ್ನು ಮರೆಮಾಡಿ ನಿಂತಿರುತ್ತದೆ.

ಎರಡನೆಯ ನಷ್ಟ ಇನ್ನೂ ದೊಡ್ಡದು. 32 ಬ್ಯಾಡ್ಜ್‌ಗಳಲ್ಲಿ ಪೈಥಾನ್ ಕೂಡ ಅಷ್ಟೇ ಗಾತ್ರ, ಕುಬರ್ನೆಟಿಸ್ ಕೂಡ ಅಷ್ಟೇ ಗಾತ್ರ. ಮೂರು ವರ್ಷ ಬರೆದ ಭಾಷೆಯೂ ಒಂದು ಮಧ್ಯಾಹ್ನದ ಕಾರ್ಯಾಗಾರದಲ್ಲಿ ಹೆಸರು ಕೇಳಿದ ಸಾಧನವೂ ಒಂದೇ ಪಂಕ್ತಿಯಲ್ಲಿ ಕೂತಿವೆ. ಓದುವವನಿಗೆ ಇವನ್ನು ಬೇರ್ಪಡಿಸುವ ದಾರಿಯೇ ಇಲ್ಲ. ನನ್ನಂಥವನು ಆಗ ಏನು ಮಾಡುತ್ತಾನೆಂದರೆ, ಅನುಮಾನಕ್ಕೆ ಎಡೆಯಿರುವ ಒಂದು ಹೆಸರನ್ನು ಹಿಡಿದು ರೆಪೊಗಳಲ್ಲಿ ಹುಡುಕುತ್ತಾನೆ. ಅವಳ ಯಾವ ರೆಪೊದಲ್ಲೂ ಕುಬರ್ನೆಟಿಸ್‌ನ ಒಂದು ಕಡತವೂ ಇರಲಿಲ್ಲ. ಆ ಒಂದು ಸುಳ್ಳಿಗೆ ಉಳಿದ ಮೂವತ್ತೊಂದರ ಮೇಲೂ ನಂಬಿಕೆ ಹೋಗುತ್ತದೆ, ನಿಜವಾಗಿ ಗೊತ್ತಿದ್ದ ಪೈಥಾನ್ ಮೇಲೆ ಕೂಡ. "ಎಲ್ರೂ ಹಾಕ್ತಾರಲ್ಲ ಮಾಮ" ಅಂದಳು. ಹೌದು, ಎಲ್ಲರೂ ಹಾಕುತ್ತಾರೆ. ಆದ್ದರಿಂದಲೇ ಅದನ್ನು ನೋಡಿ ಒಬ್ಬರನ್ನು ಇನ್ನೊಬ್ಬರಿಂದ ಗುರುತಿಸಲು ಆಗುವುದಿಲ್ಲ.

ಕಾರ್ಡುಗಳ ವಿಷಯ ಬೇರೆಯೇ. ಅವಳ ಎರಡನೆಯ ಕಾರ್ಡು 'ಹೆಚ್ಚು ಬಳಸುವ ಭಾಷೆಗಳು' ಎಂಬ ತಲೆಬರಹದಡಿ ಮುಕ್ಕಾಲು ಪಾಲಿಗೂ ಹೆಚ್ಚು ಜೂಪಿಟರ್ ನೋಟ್‌ಬುಕ್ ಎಂದು ತೋರಿಸುತ್ತಿತ್ತು. ಅವಳು ನೋಟ್‌ಬುಕ್ ತೆರೆದದ್ದು ಕಾಲೇಜಿನ ಒಂದೇ ಒಂದು ಅಸೈನ್‌ಮೆಂಟಿಗೆ. ಇದು ಹೇಗಾಯಿತೆಂದು ತಿಳಿದರೆ ಆ ಕಾರ್ಡಿನ ಬೆಲೆ ಎಷ್ಟೆಂಬುದೂ ತಿಳಿಯುತ್ತದೆ. ಯಾವ ಭಾಷೆ ಎಷ್ಟು ಎಂದು ಗಿಟ್‌ಹಬ್ ಲೆಕ್ಕ ಹಾಕುವುದು ಕಡತಗಳ ಗಾತ್ರದ ಮೇಲೆ, ಅಂದರೆ ಬೈಟ್‌ಗಳಲ್ಲಿ. ಯೋಚನೆ ಎಷ್ಟು, ಸಮಯ ಎಷ್ಟು ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ನೋಟ್‌ಬುಕ್ ಕಡತದೊಳಗೆ ಕೋಡಿನ ಜೊತೆಗೆ ಅದು ಬಿಡಿಸಿದ ಗ್ರಾಫ್‌ಗಳ ಚಿತ್ರಗಳೂ ಅಕ್ಷರರೂಪದಲ್ಲಿ ತುಂಬಿಕೊಂಡಿರುತ್ತವೆ. ಹತ್ತು ಗ್ರಾಫ್ ಬಿಡಿಸಿದ ಒಂದು ಕಡತ ಎರಡು ವರ್ಷದ ಪೈಥಾನ್ ಕೋಡಿಗಿಂತ ದಪ್ಪ ಇರಬಹುದು. ಕಾರ್ಡು ತೂಗಿದ್ದು ಆ ಚಿತ್ರಗಳನ್ನು. ಮುರಿದುಹೋಗಿದ್ದ ಮೊದಲನೆಯ ಕಾರ್ಡಿನ ಕಥೆ ಇನ್ನೂ ಸರಳ. ಇಂಥ ಕಾರ್ಡುಗಳನ್ನು ಯಾರೋ ಉಚಿತವಾಗಿ ನಡೆಸುವ ಸರ್ವರ್ ಒಂದು ಗಿಟ್‌ಹಬ್‌ನಿಂದ ಅಂಕಿ ತರಿಸಿಕೊಂಡು ಚಿತ್ರ ಮಾಡಿ ಕಳಿಸುತ್ತದೆ. ಒಂದು ಗಂಟೆಯಲ್ಲಿ ಎಷ್ಟು ಸಲ ಕೇಳಬಹುದು ಎಂಬುದಕ್ಕೆ ಗಿಟ್‌ಹಬ್ ಮಿತಿ ಇಟ್ಟಿದೆ. ಕೇಳುವವರು ಹೆಚ್ಚಾದಾಗ ಚಿತ್ರ ಬರುವುದಿಲ್ಲ. ನಿಮ್ಮ ಪರಿಚಯಪತ್ರದ ಒಂದು ಭಾಗ ಕಾಣುವುದೋ ಇಲ್ಲವೋ ಎಂಬುದು ನಿಮ್ಮ ಕೈಯಲ್ಲಿಲ್ಲದ ಸರ್ವರ್‌ನ ಮೇಲೆ ನಿಂತಿರುತ್ತದೆ. ಇವೆರಡನ್ನೂ ಮೊದಲು ತೆಗೆಸಿದೆ.

ಈಗ ಆ `mini-project-final-2`. ಒಳಗೆ ಹೋದರೆ ವಿವರಣೆಯ ಜಾಗದಲ್ಲಿ 'ಪೈಥಾನ್, ಫ್ಲಾಸ್ಕ್, ಎಸ್‌ಕ್ಯೂಲೈಟ್ ಬಳಸಿದ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್' ಎಂಬ ಒಂದೇ ಸಾಲು ಇತ್ತು. ಹೀಗೆಂದು ಬರೆದ ರೆಪೊಗಳನ್ನು ನೂರಾರು ನೋಡಿದ್ದೇನೆ, ಅವುಗಳಲ್ಲಿ ಹೆಚ್ಚಿನವು ಪಠ್ಯಪುಸ್ತಕದ ಕಸರತ್ತು. ಆದರೂ ಕೋಡ್ ತೆರೆದು ಓದಿದೆ. ಒಂದು ಕಡೆ ಈ ನಾಲ್ಕು ಸಾಲು ಕಣ್ಣಿಗೆ ಬಿತ್ತು.

```python
import unicodedata

def huduku_rupa(s):
    s = unicodedata.normalize("NFC", s)
    return s.replace("\u200c", "").replace("\u200d", "")
```

"ಇದ್ಯಾಕೆ ಬರೆದೆ?" ಅಂತ ಕೇಳಿದೆ. ಅವಳ ಮುಖ ಆಗ ಅರಳಿತು. ಗ್ರಂಥಾಲಯದಲ್ಲಿರುವ ಎರಡು ಸಾವಿರ ಚಿಲ್ಲರೆ ಪುಸ್ತಕಗಳ ಹೆಸರನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಟೈಪ್ ಮಾಡಿದ್ದರಂತೆ. ಕೆಲವು ಹಳೆಯ ಫಾಂಟ್‌ನಿಂದ ಯೂನಿಕೋಡಿಗೆ ಪರಿವರ್ತನೆಯಾಗಿ ಬಂದವು. ಭಾವ 'ನೋಟ' ಎಂದು ಹುಡುಕಿದರೆ ಕಪಾಟಿನಲ್ಲಿ ಕಣ್ಣೆದುರೇ ಇರುವ ಪುಸ್ತಕ ಕಂಪ್ಯೂಟರಿನಲ್ಲಿ ಸಿಗುತ್ತಿರಲಿಲ್ಲ. ಅಕ್ಷರ ಒಂದೇ ಥರ ಕಾಣುತ್ತಿತ್ತು, ಆದರೂ ಸಿಗುತ್ತಿರಲಿಲ್ಲ. ಎರಡು ದಿನ ತಲೆಕೆಡಿಸಿಕೊಂಡ ಮೇಲೆ ಅವಳಿಗೆ ಕಾರಣ ಹೊಳೆಯಿತು. ಕನ್ನಡದ 'ೋ' ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘದ ಗುರುತು ಎಂದು ಮೂರು ಸಂಕೇತಗಳನ್ನು ಸಾಲಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಪದಗಳು. `NFC` ಎಂಬ ರೂಢಿಯ ಕ್ರಮ ಮೂರನ್ನೂ ಕೂಡಿಸಿ ಒಂದು ಮಾಡುತ್ತದೆ. ಮುಂದಿನ ಸಾಲು ಕಣ್ಣಿಗೆ ಕಾಣದ ಎರಡು ಗುರುತುಗಳನ್ನು ತೆಗೆಯುತ್ತದೆ. 'ಸಾಫ್ಟ್‌ವೇರ್' ಎಂಬಲ್ಲಿ ಟಕಾರ ವಕಾರಗಳು ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ನಡುವೆ ಅಂಥದೊಂದು ಗುರುತು ಕೂತಿರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಇನ್ನೂ ಒಂದು ಜಾಣತನ ಇತ್ತು. ಪುಸ್ತಕದ ಹೆಸರನ್ನು ಅವಳು ಮುಟ್ಟಿರಲಿಲ್ಲ, ಹುಡುಕಲೆಂದೇ ಪಕ್ಕದಲ್ಲಿ ಇಟ್ಟುಕೊಂಡ ಪ್ರತಿಯನ್ನು ಮಾತ್ರ ಹೀಗೆ ಸರಿಪಡಿಸಿದ್ದಳು. ಆ ಗುರುತುಗಳನ್ನು ಮೂಲದಿಂದಲೇ ತೆಗೆದಿದ್ದರೆ ಪರದೆಯ ಮೇಲೆ ಹೆಸರುಗಳು ತಪ್ಪಾಗಿ ಕಾಣುತ್ತಿದ್ದವು.

ನನ್ನ ಮೇಜಿಗೆ ಬರುವ ಅರ್ಜಿಗಳಲ್ಲಿ ಇಂಥ ಕೆಲಸ ಅಪರೂಪ. ತೊಂದರೆಯೊಂದನ್ನು ನಿಜವಾದ ಮನುಷ್ಯರೊಬ್ಬರ ಹತ್ತಿರ ನೋಡಿ, ಕಾರಣ ಹುಡುಕಿ, ಸರಿಯಾದ ಜಾಗದಲ್ಲಿ ಪರಿಹಾರ ಇಟ್ಟಿದ್ದಾಳೆ. ಇದರ ಒಂದಕ್ಷರವೂ ಪ್ರೊಫೈಲ್‌ನಲ್ಲಿ ಇರಲಿಲ್ಲ.

ಮತ್ತೆ ಬರೆಯಲು ಕೂತೆವು. ನಾನು ಹೇಳಿದ ಕಟ್ಟುಪಾಡು ಒಂದೇ. ಯಾವ ತಂತ್ರಜ್ಞಾನದ ಹೆಸರೂ ಒಂಟಿಯಾಗಿ ಬರಬಾರದು, ಅದರಿಂದ ಮಾಡಿದ ಕೆಲಸದ ವಾಕ್ಯದೊಳಗೇ ಬರಬೇಕು, ಆ ವಾಕ್ಯದಲ್ಲಿ ಒಂದು ಕೊಂಡಿ ಇರಬೇಕು. ಓದಿದವರು ಅನುಮಾನ ಬಂದರೆ ಒತ್ತಿ ನೋಡುವಂತಿರಬೇಕು. ಹೀಗೆ ಮಾಡಿದರೆ ಪಟ್ಟಿ ತಾನಾಗಿ ಕರಗುತ್ತದೆ. ಕುಬರ್ನೆಟಿಸ್ ಸೇರಿಸಲು ವಾಕ್ಯವೇ ಸಿಗಲಿಲ್ಲ, ಹೋಯಿತು. ಪವರ್‌ಪಾಯಿಂಟ್ ಹೋಯಿತು. ಜಾವಾ ಬಗ್ಗೆ ಸ್ವಲ್ಪ ಚೌಕಾಶಿ ನಡೆಯಿತು. "ಎರಡು ಸೆಮಿಸ್ಟರ್ ಓದಿದೀನಿ" ಅಂದಳು. ಓದಿದ್ದಕ್ಕೆ ಅಂಕಪಟ್ಟಿ ಇದೆ, ಇಲ್ಲಿ ಮಾಡಿದ್ದು ಬೇಕು ಅಂದೆ. ಒಪ್ಪಿದಳು. 32ರಲ್ಲಿ ಕೊನೆಗೆ ಉಳಿದವು ನಾಲ್ಕು.

ಅವಳು ಅರ್ಜಿ ಹಾಕುವುದು ಇಂಗ್ಲಿಷ್‌ನಲ್ಲಿ, ಹಾಗಾಗಿ ರೀಡ್‌ಮಿಯೂ ಇಂಗ್ಲಿಷ್‌ನಲ್ಲೇ ಇದೆ. ಅದೇ ಮಾತುಗಳು ಕನ್ನಡದಲ್ಲಿ ಹೀಗಾಗುತ್ತವೆ. ವಿಳಾಸದಲ್ಲಿ ಅವಳ ಹೆಸರಿನ ಬದಲು `username` ಎಂದು ಹಾಕಿದ್ದೇನೆ.

```markdown
ಕನ್ನಡದಲ್ಲಿರುವ ಮಾಹಿತಿಯನ್ನು ಸರಿಯಾಗಿ ಹುಡುಕಲು ಬರುವಂತೆ ಮಾಡುವುದು
ನನಗೆ ಇಷ್ಟದ ಕೆಲಸ. ಎಂಜಿನಿಯರಿಂಗ್ ಕೊನೆಯ ವರ್ಷ, ದಾವಣಗೆರೆ.

**[ಪುಸ್ತಕಪಟ್ಟಿ](https://github.com/username/pustaka-patti)**:
ನಮ್ಮೂರ ಗ್ರಂಥಾಲಯದ ಪುಸ್ತಕಗಳನ್ನು ಹುಡುಕುವ ಪುಟ. ಒಂದೇ ಥರ ಕಾಣುವ
ಕನ್ನಡ ಪದಗಳು ಹುಡುಕಾಟದಲ್ಲಿ ಸಿಗದಿದ್ದ ತೊಂದರೆಯನ್ನು ಪೈಥಾನ್‌ನಲ್ಲಿ ಬಗೆಹರಿಸಿದೆ.
ಗ್ರಂಥಪಾಲಕರು ದಿನವೂ ಬಳಸುತ್ತಾರೆ.

**[ಮೆಸ್ ಲೆಕ್ಕ](https://github.com/username/mess-lekka)**:
ಹಾಸ್ಟೆಲ್‌ನಲ್ಲಿ ಊಟ ಬಿಟ್ಟ ದಿನಗಳನ್ನು ಕಳೆದು ತಿಂಗಳ ಬಿಲ್ ಮಾಡುತ್ತದೆ.
ಫೋನಿನಲ್ಲಿ ನೆಟ್ ಇಲ್ಲದಾಗಲೂ ನಡೆಯುತ್ತದೆ. ಜಾವಾಸ್ಕ್ರಿಪ್ಟ್.
```

ಮೊದಲ ಸಾಲು ಬರೆಯಲು ಹೆಚ್ಚು ಹೊತ್ತು ಹಿಡಿಯಿತು. 'ಹೊಸದನ್ನು ಕಲಿಯಲು ಉತ್ಸುಕಳಾದ ಫುಲ್ ಸ್ಟ್ಯಾಕ್ ಡೆವಲಪರ್' ಎಂಬ ಹಳೆಯ ಸಾಲನ್ನು ಅವಳ ತರಗತಿಯ ಯಾರ ಪುಟಕ್ಕೆ ಅಂಟಿಸಿದರೂ ಹೊಂದುತ್ತದೆ. ಹೊಸ ಸಾಲನ್ನು ಬೇರೆಯವರ ಪುಟಕ್ಕೆ ಅಂಟಿಸಲಾಗದು. ಮೊದಲ ಸಾಲು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

'ಗ್ರಂಥಪಾಲಕರು ದಿನವೂ ಬಳಸುತ್ತಾರೆ' ಎಂಬ ಪುಟ್ಟ ವಾಕ್ಯವನ್ನು ಅವಳು ಸಂಕೋಚದಿಂದ ಎರಡು ಸಲ ಅಳಿಸಿದಳು. "ಅಪ್ಪ ಒಬ್ರೇ ತಾನೇ ಬಳಸೋದು" ಎಂಬುದು ಅವಳ ವಾದ. ಒಬ್ಬರೇ ಆದರೂ ಅವರು ಬೇರೆಯವರು, ದಿನವೂ ಬಳಸುವವರು, ತಪ್ಪಿದ್ದರೆ ಸಂಜೆ ಮನೆಗೆ ಬಂದು ಹೇಳುವವರು. ಅಂಥ ಒಬ್ಬ ಬಳಕೆದಾರ ಇದ್ದಾರೆಂದರೆ ಆ ಕೋಡ್ ಪರೀಕ್ಷೆಗೆ ಒಳಗಾಗಿದೆ ಎಂದರ್ಥ. 'ಸಾವಿರಾರು ಜನ ಬಳಸುತ್ತಾರೆ' ಎಂದು ಬರೆದಿದ್ದರೆ ನಾನೇ ಅಳಿಸುತ್ತಿದ್ದೆ.

ರೀಡ್‌ಮಿ ಹೀಗೆ ಅರ್ಧ ಪರದೆಗಿಳಿದಾಗ ಪಿನ್ ಮಾಡಿದ ರೆಪೊಗಳು ಮೇಲೆ ಬಂದು ಕಣ್ಣಿಗೆ ಬಿದ್ದವು, ಅವುಗಳ ಕೊಳೆಯೂ ಕಾಣತೊಡಗಿತು. ಗಿಟ್‌ಹಬ್ ಆರರವರೆಗೆ ಪಿನ್ ಮಾಡಲು ಬಿಡುತ್ತದೆ. ಆರು ಖಾನೆ ಇವೆಯೆಂದು ಆರನ್ನೂ ತುಂಬಿಸಬೇಕಿಲ್ಲ. ಅವಳ ಆರರಲ್ಲಿ ಎರಡು, ವಿಡಿಯೊ ನೋಡಿ ಸಾಲುಸಾಲಾಗಿ ನಕಲು ಮಾಡಿದ ಯೋಜನೆಗಳು. ಒಂದರಲ್ಲಿ ಮೂಲ ಬರೆದವರ ಟಿಪ್ಪಣಿಗಳೂ ಹಾಗೇ ಉಳಿದಿದ್ದವು. ಕಲಿಯಲು ನಕಲು ಮಾಡುವುದರಲ್ಲಿ ತಪ್ಪೇನಿಲ್ಲ, ನಾನೂ ಹಾಗೇ ಕಲಿತವನು, ಆದರೆ ಅದನ್ನು ಅಂಗಡಿಯ ಮುಂದೆ ನೇತುಹಾಕಬಾರದು. ಇನ್ನೊಂದು, ದೊಡ್ಡ ಯೋಜನೆಯೊಂದರ ಫೋರ್ಕ್, ಅಂದರೆ ತನ್ನ ಖಾತೆಗೆ ಎಳೆದುಕೊಂಡ ಪ್ರತಿ. ಅದರಲ್ಲಿ ಅವಳ ಕೈ ಎಲ್ಲೂ ಆಡಿರಲಿಲ್ಲ. ಮೂರನ್ನೂ ಇಳಿಸಿದೆವು.

ಪಿನ್ ಮಾಡಿದ ರೆಪೊದ ಚೌಕದಲ್ಲಿ ಕಾಣುವುದು ರೆಪೊದ ಹೆಸರು, ಅದರ ಕಿರುವಿವರಣೆ ಮತ್ತು ಮುಖ್ಯ ಭಾಷೆ. ಆ ಭಾಷೆಯ ಹೆಸರು ತಾನಾಗಿಯೇ ಬರುವುದರಿಂದ ವಿವರಣೆಯಲ್ಲಿ ಮತ್ತೆ ಭಾಷೆ ಬರೆಯುವುದು ಜಾಗ ದಂಡ. ಹೆಸರನ್ನು `pustaka-patti` ಎಂದು ಬದಲಿಸಿದೆವು. ಹೆಸರು ಬದಲಿಸಿದರೂ ಹಳೆಯ ಕೊಂಡಿಗಳನ್ನು ಗಿಟ್‌ಹಬ್ ಹೊಸ ವಿಳಾಸಕ್ಕೇ ಕಳಿಸುತ್ತದೆ, ಆ ಭಯ ಬೇಡ. ವಿವರಣೆಯಲ್ಲಿ ಬರೆದದ್ದು: 'ಕನ್ನಡ ಪುಸ್ತಕಪಟ್ಟಿಯಲ್ಲಿ ಹುಡುಕಾಟ, ಯೂನಿಕೋಡ್ ವ್ಯತ್ಯಾಸದಿಂದ ಪದ ತಪ್ಪಿಹೋಗದಂತೆ.' ರೆಪೊ ಒಳಗಿನ ರೀಡ್‌ಮಿಯಲ್ಲಿ ಒಂದು ಸ್ಕ್ರೀನ್‌ಶಾಟ್, ತೊಂದರೆ ಏನಿತ್ತೆಂದು ಒಂದು ಪ್ಯಾರಾ, ನಡೆಸಿ ನೋಡಲು ಮೂರು ಆಜ್ಞೆಗಳು, ಕೊನೆಗೆ 'ಇನ್ನೂ ಆಗದ್ದು' ಎಂಬ ಒಂದು ಸಾಲು ಬಂದವು. ಆ ಕೊನೆಯ ಸಾಲಿನಲ್ಲಿ ಅವಳು ಬರೆದದ್ದು, ಲೇಖಕರ ಹೆಸರನ್ನು ಎರಡು ರೀತಿ ಕಾಗುಣಿತ ಮಾಡಿದ್ದರೆ ಇನ್ನೂ ಸಿಗುವುದಿಲ್ಲ ಎಂದು. ತನ್ನ ಕೆಲಸದ ಮಿತಿ ಗೊತ್ತಿರುವವರ ಮೇಲೆ ನನಗೆ ಹೆಚ್ಚು ಭರವಸೆ ಬರುತ್ತದೆ.

ಆ ಮೂರು ಆಜ್ಞೆಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಕೊಟ್ಟು ನೋಡಿದೆ. ಎರಡನೆಯದಕ್ಕೇ ನಿಂತಿತು. ಅವಳ ಯಂತ್ರದಲ್ಲಿದ್ದ ಒಂದು ಲೈಬ್ರರಿಯ ಹೆಸರು `requirements.txt` ಕಡತದಲ್ಲಿ ಇರಲಿಲ್ಲ. ಬರೆದವರ ಕಂಪ್ಯೂಟರಿನಲ್ಲಿ ಈ ತಪ್ಪು ಎಂದೂ ಗೊತ್ತಾಗುವುದಿಲ್ಲ, ಹಾಗಾಗಿ ಒಮ್ಮೆಯಾದರೂ ಬೇರೆ ಯಂತ್ರದಲ್ಲಿ ನಡೆಸಿ ನೋಡಲೇಬೇಕು.

ಮತ್ತೊಂದು ವಿಷಯ ಅವಳು ಪೂರ್ತಿ ಮರೆತೇಬಿಟ್ಟಿದ್ದಳು. ಹಿಂದಿನ ವರ್ಷ ಒಂದು ಓಪನ್ ಸೋರ್ಸ್ ಯೋಜನೆಯ ಕೋಡಿನಲ್ಲಿ ದೋಷ ಕಂಡು ತಿದ್ದಿ ಕಳಿಸಿದ್ದಳು. ಹೀಗೆ ತಿದ್ದುಪಡಿ ಕಳಿಸುವುದಕ್ಕೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ಯೋಜನೆಯವರು ಎರಡು ಪ್ರಶ್ನೆ ಕೇಳಿದ್ದರು, ಅವಳು ಉತ್ತರಿಸಿ ಮತ್ತೆ ತಿದ್ದಿದ್ದಳು, ಕೊನೆಗೆ ಅವರು ಸೇರಿಸಿಕೊಂಡಿದ್ದರು. ಅಪರಿಚಿತರು ಓದಿ ಒಪ್ಪಿದ ಕೋಡ್ ಅದು. ಆ ಪ್ರಶ್ನೋತ್ತರ ಓದಿದರೆ ಅವಳು ಟೀಕೆಯನ್ನು ಹೇಗೆ ತೆಗೆದುಕೊಳ್ಳುತ್ತಾಳೆ ಎಂಬುದೂ ತಿಳಿಯುತ್ತದೆ, ಅದನ್ನು ಯಾವ ಬ್ಯಾಡ್ಜೂ ತೋರಿಸದು. ಆದರೆ ಪ್ರೊಫೈಲ್‌ನಲ್ಲಿ ಫೋರ್ಕ್ ಪಿನ್ ಮಾಡಿದರೆ ಇದು ಕಾಣುವುದಿಲ್ಲ. ಆ ಪುಲ್ ರಿಕ್ವೆಸ್ಟ್‌ನ ವಿಳಾಸವನ್ನೇ ರೀಡ್‌ಮಿಯಲ್ಲಿ ಕೊಡಬೇಕು. ನಿಮ್ಮವು ಎಷ್ಟಿವೆ ಎಂದು ನೆನಪಿಲ್ಲದಿದ್ದರೆ ಗಿಟ್‌ಹಬ್‌ನ ಹುಡುಕುವ ಜಾಗದಲ್ಲಿ ನಿಮ್ಮ ಹೆಸರು ಸೇರಿಸಿ ಹೀಗೆ ಟೈಪ್ ಮಾಡಿ.

```
is:pr is:merged author:username
```

ಹಸಿರು ಚೌಕಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅವಳ ಚೌಕಗಳು ಎರಡನೆಯ ವರ್ಷವಿಡೀ ಖಾಲಿ. ಆ ವರ್ಷವೇ ಅವಳು ಹೆಚ್ಚು ಕೋಡ್ ಬರೆದದ್ದು. ಗಿಟ್ ಪ್ರತಿ ಕಮಿಟ್‌ನ ಮೇಲೂ, ಅಂದರೆ ಪ್ರತಿ ಸಲ ಉಳಿಸಿದ ತಿದ್ದುಪಡಿಯ ಮೇಲೂ, ಒಂದು ಇಮೇಲ್ ವಿಳಾಸ ಬರೆದಿಡುತ್ತದೆ. ಆ ವಿಳಾಸ ನಿಮ್ಮ ಗಿಟ್‌ಹಬ್ ಖಾತೆಗೆ ಸೇರಿದ್ದರೆ ಮಾತ್ರ ಚೌಕ ಹಸಿರಾಗುತ್ತದೆ. ಅವಳು ಆಗ ಬಳಸುತ್ತಿದ್ದದ್ದು ಕಾಲೇಜು ಕೊಟ್ಟ ಇಮೇಲ್, ಅದನ್ನು ಖಾತೆಗೆ ಸೇರಿಸಿರಲೇ ಇಲ್ಲ. ಯಾವ ರೆಪೊದಲ್ಲಿ ಯಾವ ವಿಳಾಸ ಇದೆ ಎಂದು ನೋಡಲು ಅದರ ಫೋಲ್ಡರಿನಲ್ಲಿ ಈ ಆಜ್ಞೆ ಕೊಟ್ಟರೆ ಸಾಕು.

```
git log --format='%ae' | sort -u
```

ಆ ವಿಳಾಸವನ್ನು ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿ ದೃಢೀಕರಿಸಿದಳು, ಹಳೆಯ ಕಮಿಟ್‌ಗಳೂ ಲೆಕ್ಕಕ್ಕೆ ಬಂದವು. ಇಮೇಲ್ ಜಾಗದಲ್ಲಿ ಲ್ಯಾಬಿನ ಯಂತ್ರದ ಹೆಸರೇನಾದರೂ ಕೂತಿದ್ದರೆ ಅದನ್ನು ದೃಢೀಕರಿಸಲಾಗದು, ಆ ದಿನಗಳು ಖಾಲಿಯೇ ಉಳಿಯುತ್ತವೆ. ನನ್ನನ್ನು ಕೇಳಿದರೆ ಚೌಕಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ದಿನಕ್ಕೊಂದು ಚುಕ್ಕೆ ಬದಲಿಸಿ ವರ್ಷವಿಡೀ ಹಸಿರು ಮಾಡಿಕೊಂಡವರನ್ನೂ ನೋಡಿದ್ದೇನೆ.

ಕಂಪನಿಯಲ್ಲಿ ಹತ್ತು ವರ್ಷ ದುಡಿದು ತೋರಿಸಲು ಒಂದೂ ಸಾರ್ವಜನಿಕ ರೆಪೊ ಇಲ್ಲದವರು ಈ ಮಾತನ್ನೆಲ್ಲ ಕೇಳಿ ಪೆಚ್ಚಾಗುತ್ತಾರೆ. ಅವರ ಕೋಡ್ ಕಂಪನಿಯ ಆಸ್ತಿ, ಅದನ್ನು ತಂದು ಹಾಕುವುದು ಸರ್ವಥಾ ಕೂಡದು. ಆದರೆ ಯಾವ ಬಗೆಯ ತೊಂದರೆಯ ಜೊತೆ ಬದುಕಿದ್ದಾರೆ ಎಂಬುದನ್ನು ಗುಟ್ಟು ಬಿಡದೆ ಎರಡು ವಾಕ್ಯದಲ್ಲಿ ಹೇಳಬಹುದು: 'ಬ್ಯಾಂಕಿಂಗ್ ಸಾಫ್ಟ್‌ವೇರ್‌ನಲ್ಲಿ ದಿನದ ಕೊನೆಯ ಲೆಕ್ಕ ಹೊಂದಿಸುವ ಭಾಗ ನೋಡಿಕೊಳ್ಳುತ್ತೇನೆ, ಒಂದೇ ಪಾವತಿ ಎರಡು ಸಲ ದಾಖಲಾಗದಂತೆ ತಡೆಯುವುದು ನನ್ನ ಕೆಲಸದ ಹೆಚ್ಚಿನ ಪಾಲು.' ಅದೇ ತೊಂದರೆಯ ಒಂದು ಚಿಕ್ಕ ಮಾದರಿಯನ್ನು, ಮನೆಯಲ್ಲಿ, ತಮ್ಮದೇ ಯಂತ್ರದಲ್ಲಿ, ಹೊಸದಾಗಿ ಬರೆದು ಇಡಬಹುದು. ಅದಕ್ಕೂ ಮುಂಚೆ ಕಂಪನಿಯ ಒಪ್ಪಂದದಲ್ಲಿ ಬಿಡುವಿನ ಕೆಲಸದ ಬಗ್ಗೆ ಏನು ಬರೆದಿದೆ ಎಂದು ಓದಿಕೊಳ್ಳುವುದು ಒಳ್ಳೆಯದು.

ರೀಡ್‌ಮಿಯ ಕೊನೆಗೆ ಅವಳು ಫೋನ್ ನಂಬರ್ ಹಾಕಿದ್ದಳು, ತೆಗೆಸಿದೆ. ಸಾರ್ವಜನಿಕ ಪುಟದ ನಂಬರನ್ನು ಮನುಷ್ಯರಿಗಿಂತ ಮುಂಚೆ ಯಂತ್ರಗಳು ಓದುತ್ತವೆ. ಈಗ ಅಳಿಸಿದರೂ ಆ ರೆಪೊದ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ, ಯಾರು ಬೇಕಾದರೂ ಹಿಂದಿನ ಆವೃತ್ತಿ ತೆರೆದು ನೋಡಬಹುದು. ಹಾಗಾಗಿ ಆ ರೆಪೊವನ್ನೇ ತೆಗೆದುಹಾಕಿ ಅದೇ ಹೆಸರಿನಲ್ಲಿ ಹೊಸದು ಮಾಡಿದೆವು. ಹೊಸದು ಮಾಡುವಾಗ ಗಿಟ್‌ಹಬ್ ತಾನೇ ಒಂದು ಮಾದರಿ ತುಂಬಿಸಿ ಕೊಡುತ್ತದೆ. 'ಈಗ ಮಾಡುತ್ತಿರುವುದು', 'ಈಗ ಕಲಿಯುತ್ತಿರುವುದು', 'ಒಂದು ತಮಾಷೆಯ ಸಂಗತಿ' ಇತ್ಯಾದಿ. ಅದರಲ್ಲಿ 'ಈಗ' ಎಂದು ಶುರುವಾಗುವ ಸಾಲುಗಳೇ ಬೇಗ ಹಳಸುವುದು. ಎರಡು ವರ್ಷದ ಹಿಂದೆ ಬರೆದ 'ಈಗ ರಿಯಾಕ್ಟ್ ಕಲಿಯುತ್ತಿದ್ದೇನೆ' ಎಂಬ ಸಾಲು ಇಂದಿಗೂ ಹಾಗೇ ಇದ್ದರೆ ಓದುವವರು ಏನು ತಿಳಿಯಬೇಕು? ಹೊಸ ಸುದ್ದಿ ಇರಲೇಬೇಕೆನ್ನುವವರು ಸೈಮನ್ ವಿಲಿಸನ್ ಅವರ ಪುಟ ನೋಡಬಹುದು. ಜ್ಯಾಂಗೊ ಎಂಬ ಹೆಸರಾಂತ ವೆಬ್ ಚೌಕಟ್ಟು ಕಟ್ಟಿದವರಲ್ಲಿ ಅವರೊಬ್ಬರು. ಈ ಅನುಕೂಲ ಬಂದ 2020ರಲ್ಲೇ, ತಾವು ಬಿಡುಗಡೆ ಮಾಡಿದ ಹೊಸ ಆವೃತ್ತಿಗಳೂ ಬರಹಗಳೂ ತಾವಾಗಿ ರೀಡ್‌ಮಿಗೆ ಬಂದು ಸೇರುವಂತೆ ಅವರು ಮಾಡಿಕೊಂಡರು. ಅಷ್ಟು ಬರೆಯದ ನಮ್ಮಂಥವರಿಗೆ ದಿನಾಂಕವಿಲ್ಲದ ಮೂರು ವಾಕ್ಯ ಸಾಕು.

ಜಗಲಿಯಿಂದ ಏಳುವ ಹೊತ್ತಿಗೆ ಸಂಜೆಯಾಗಿತ್ತು. ಭಾವ ಗ್ರಂಥಾಲಯದ ಬೀಗದಕೈ ಗೂಟಕ್ಕೆ ಹಾಕುತ್ತ, ಒಂದು ಪುಸ್ತಕದ ಹೆಸರು ಇನ್ನೂ ಸಿಗುತ್ತಿಲ್ಲ ಎಂದು ಮಗಳಿಗೆ ಹೇಳಿದರು. ಅವಳು ಲ್ಯಾಪ್‌ಟಾಪ್ ಮುಚ್ಚಲಿಲ್ಲ.

ನಿಮ್ಮದೂ ಒಂದು ಗಿಟ್‌ಹಬ್ ಪುಟ ಇದ್ದರೆ ಇವತ್ತು ಒಂದು ಕೆಲಸ ಮಾಡಿ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಲಾಗಿನ್ ಆಗದೆ, ಅಪರಿಚಿತರಂತೆ ಅದನ್ನು ತೆರೆಯಿರಿ. ಕೆಳಗೆ ಸರಿಸಬೇಡಿ. ಮೊದಲ ಪರದೆಯಲ್ಲಿ ನೀವು ಮಾಡಿದ ಒಂದು ಕೆಲಸದ ಹೆಸರು ಮತ್ತು ಅದನ್ನು ತೆರೆಯುವ ಒಂದು ಕೊಂಡಿ ಕಾಣದಿದ್ದರೆ, ಅಲ್ಲಿರುವುದನ್ನು ಅಳಿಸಿ ಆ ಕೆಲಸದ ಬಗ್ಗೆ ಎರಡು ವಾಕ್ಯ ಬರೆಯಿರಿ.